ಬಾನೆಟ್ ನೋಡಿ ಎಚ್‌ಪಿ ಹೇಳ್ತೀರಾ ಮಿಸ್ತ್ರಿ ಅಣ್ಣ?

ರಾಣೆಬೆನ್ನೂರು ರೈತ: ಅಣ್ಣ, ಹಳೆ ಗಾಡಿ ನೋಡಿ ಬಂದೆ. ಮುಂದಿಂದ ಒಂದು, ಪಕ್ಕದಿಂದ ಒಂದು ಫೋಟೋ ಹಾಕಿದ್ದೇನೆ. ಕೆಂಪು ಬಾನೆಟ್, ಮೇಲೆ 575 ಅಂತ ಇದೆ. 45 ಎಚ್‌ಪಿ ಅಂತಾರೆ. 6 ಅಡಿ ರೋಟವೇಟರ್ ಹೊಡೆಯಬೇಕು. ತಗೊಳ್ಳಲಾ?

ಟ್ರ್ಯಾಕ್ಟರ್ ಮಿಸ್ತ್ರಿ: ಮಹೀಂದ್ರಾ ಅನ್ನೋದು ಖರೆ. 575 ಅನ್ನೋದರ ಮೇಲೆ ನನಗೆ ಅನುಮಾನ. ಹೆಡ್‌ಲೈಟಿನ ರಬ್ಬರ್ ಅಂಚಿಗೂ ಕೆಂಪು ಬಣ್ಣ ಬಿದ್ದಿದೆ, ನೋಡಿ. ಲೈಟ್ ಬಿಚ್ಚದೆ ಹಾಗೇ ಸ್ಪ್ರೇ ಹೊಡೆದಿದ್ದಾರೆ. ಬಣ್ಣ ಹೊಸದಾದ ಮೇಲೆ ಸ್ಟಿಕ್ಕರ್ ಯಾವ ನಂಬರಿಂದಾದರೂ ಅಂಟಿಸಬಹುದು. ಬಾನೆಟ್ ತಗಡು, ಗ್ರಿಲ್, ಸ್ಟಿಕ್ಕರ್ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಹಿಂದೆ ನಾನೇ ಸ್ಟಿಕ್ಕರ್ ನಂಬಿ ಒಂದು ಗಾಡಿ ಕೊಡಿಸಿ, ತಿಂಗಳುಗಟ್ಟಲೆ ಬೈಸಿಕೊಂಡಿದ್ದೇನೆ.

ಈಗ ಪಕ್ಕದ ಫೋಟೋ ದೊಡ್ಡದು ಮಾಡಿ. ಡೀಸೆಲ್ ಪಂಪಿಂದ ನಾಝಲ್‌ಗೆ ಸಣ್ಣ ಕಬ್ಬಿಣದ ಪೈಪು ಹೋಗಿವೆ. ಒಂದು ಸಿಲಿಂಡರಿಗೆ ಒಂದು ಪೈಪು. ನನಗೆ ಮೂರೇ ಕಾಣುತ್ತಿವೆ. 575ಕ್ಕೆ ನಾಲ್ಕು ಇರಬೇಕು. ಮೂರೇ ಆದರೆ ಇದು 275 ಇರಬಹುದು, 39 ಎಚ್‌ಪಿ ಆಸುಪಾಸಿನದು. ನಾಲ್ಕನೆಯದು ಫಿಲ್ಟರ್ ಹಿಂದೆ ಅಡಗಿದೆಯೋ ಏನೋ. ಬಾನೆಟ್ ಎತ್ತಿಸಿ ಇನ್ನೊಂದು ಫೋಟೋ ತೆಗೆಯಿರಿ. ಆರ್‌ಸಿಯಲ್ಲಿ ಸಿಸಿ ಎಷ್ಟಿದೆ ಅಂತಲೂ ಹೇಳಿ.

ಹಸಿರು ಗಾಡಿ: ಅಷ್ಟೆಲ್ಲ ಯಾಕೆ ಸರ್? ನಂಬರಿನ ಕೊನೆಯ ಎರಡು ಅಂಕಿಯೇ ಎಚ್‌ಪಿ. ಜಾನ್ ಡಿಯರ್ 5050 ಅಂದರೆ 50.

ಟ್ರ್ಯಾಕ್ಟರ್ ಮಿಸ್ತ್ರಿ: ಅಲ್ಲಿ ಸರಿ. ಮ್ಯಾಸಿ 1035ಕ್ಕೂ ಹೆಚ್ಚುಕಮ್ಮಿ ಸರಿ. ಹಾಗಾದರೆ 575 ಏನು, 75 ಎಚ್‌ಪಿಯಾ?

ಗದಗಿನ ಗೌಡ: ಇದು ಬಂದಿತ್ತು ನನಗೆ: “ಗ್ರಿಲ್‌ನ ಪಟ್ಟಿ ಎಣಿಸಿ ಐದರಿಂದ ಗುಣಿಸಿದರೆ ಎಚ್‌ಪಿ. ಎಲ್ಲ ರೈತರಿಗೂ ಕಳಿಸಿ.”

ಟ್ರ್ಯಾಕ್ಟರ್ ಮಿಸ್ತ್ರಿ: ದಯವಿಟ್ಟು ಕಳಿಸಬೇಡಿ. ಗ್ರಿಲ್ ಇರೋದು ರೇಡಿಯೇಟರಿಗೆ ಗಾಳಿ ಹೋಗಲಿ ಅಂತ. ಇಂಥದ್ದನ್ನು ನಂಬಿ ಯಾರಾದರೂ ಲಕ್ಷಗಟ್ಟಲೆ ದುಡ್ಡು ಹಾಕಿದರೆ ನೀವು ಕೊಡ್ತೀರಾ?

ಹಸಿರು ಗಾಡಿ: ಕೆಂಪು ಗಾಡಿ ತಗೊಂಡರೆ ಇದೇ ಗೋಳು. ನಮ್ಮದರಲ್ಲಿ ಇಂಥ ಗೊಂದಲ ಇಲ್ಲ.

ಗದಗಿನ ಗೌಡ: ನಿಮ್ಮದು ಕೆಸರುಗದ್ದೆಗೆ ಇಳಿಯಲಿ, ಆಮೇಲೆ ಮಾತಾಡೋಣ.

ಹಸಿರು ಗಾಡಿ: ಬನ್ನಿ, ಈಗಲೇ ಇಳಿಸೋಣ.

ಟ್ರ್ಯಾಕ್ಟರ್ ಮಿಸ್ತ್ರಿ: ಗೊಂದಲ ಇಲ್ಲ ಅಂದ್ರಲ್ಲ, ಕೇಳಿ. 5042, 5045, 5050 ಮೂರಕ್ಕೂ ಮೂರೇ ಸಿಲಿಂಡರ್, ಎಂಜಿನ್ ಸೈಜೂ ಒಂದೇ. ನಂಬರ್ ಮುಚ್ಚಿದ ಫೋಟೋ ಕೊಟ್ಟರೆ ನಾನೂ ಹೇಳಲಾರೆ, ನೀವೂ ಹೇಳಲಾರಿರಿ. ಜಗಳ ಬೇರೆ ಕಡೆ ಆಡಿ.

ಹೊಸ ಸದಸ್ಯ: ಅಣ್ಣ, ನನ್ನ ಫೋಟೋದಲ್ಲಿರೋದು ಎಷ್ಟು ಎಚ್‌ಪಿ?

ಟ್ರ್ಯಾಕ್ಟರ್ ಮಿಸ್ತ್ರಿ: ಸ್ವರಾಜ್. ಮುಂದಿನ ಫೋಟೋ ಒಂದರಿಂದಲೇ ಎಚ್‌ಪಿ ಹೇಳೋಕಾಗಲ್ಲ.

ರಾಣೆಬೆನ್ನೂರು ರೈತ: ಅಣ್ಣ, ಆರ್‌ಸಿ ಸಿಕ್ಕಿತು. ಸಿಸಿ 2048 ಅಂತ ಇದೆ.

ಟ್ರ್ಯಾಕ್ಟರ್ ಮಿಸ್ತ್ರಿ: ಅಲ್ಲಿಗೆ ಮುಗೀತು. ಮಹೀಂದ್ರಾದ ಈ ಹಳೆ ಎಂಜಿನ್‌ಗಳಲ್ಲಿ ಒಂದು ಸಿಲಿಂಡರಿಗೆ ಸುಮಾರು 682 ಸಿಸಿ. ಮೂರಾದರೆ 2048, ನಾಲ್ಕಾದರೆ 2730. ನೀವು ನೋಡಿರೋದು ಮೂರು ಸಿಲಿಂಡರಿನದು. 275 ಇದ್ದರೆ ಕೆಟ್ಟ ಗಾಡಿ ಅಲ್ಲ, ಆದರೆ 575ರ ದುಡ್ಡು ಕೊಡಬೇಡಿ. 6 ಅಡಿ ರೋಟವೇಟರ್ ಗಟ್ಟಿ ನೆಲದಲ್ಲಿ ಇದಕ್ಕೆ ಭಾರ. ಎಂಜಿನ್ ಮುಕ್ಕರಿಯುತ್ತದೆ, ಹೊಗೆ ಕಪ್ಪಗಾಗುತ್ತದೆ, ಗೇರ್ ಇಳಿಸಿ ಇಳಿಸಿ ಕೈ ನೋಯುತ್ತದೆ. 5 ಅಡಿಯದಾದರೆ ನಡೆಯುತ್ತದೆ. ಹೊಸ ಎಕ್ಸ್‌ಪಿ ಪ್ಲಸ್ ಗಾಡಿಗಳಿಗೆ ಈ ಭಾಗಾಕಾರ ಹಾಕಬೇಡಿ.

ಹಿರೇಕೆರೂರು: ನಾವು ತಗೊಳ್ಳಬೇಕು ಅಂತಿರೋ ಗಾಡಿಗೆ 2730 ಇದೆ ಸರ್. ಹಾಗಾದರೆ 575 ಗ್ಯಾರಂಟಿ ಅಲ್ವಾ?

ಟ್ರ್ಯಾಕ್ಟರ್ ಮಿಸ್ತ್ರಿ: ಇಲ್ಲ. 42 ಎಚ್‌ಪಿಯ 475ಕ್ಕೂ ಅದೇ 2730. ಪೈಪು ಎಣಿಸಿದರೂ ನಾಲ್ಕೇ. ಆರ್‌ಸಿಯಲ್ಲಿ ಮಾಡೆಲ್ ಹೆಸರು ಓದಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿ ಮೇಲೆ ನೋಡಿ ಹೋಲಿಸಿ.

ಹಿರೇಕೆರೂರು: ಆರ್‌ಸಿಯಲ್ಲಿ ಎಚ್‌ಪಿಎ ಅಂತ ಇದೆ. ಅದು ಎಚ್‌ಪಿ ಅಲ್ವಾ?

ಟ್ರ್ಯಾಕ್ಟರ್ ಮಿಸ್ತ್ರಿ: ಅದು ಸಾಲ! ಗಾಡಿ ಮೇಲೆ ಬ್ಯಾಂಕಿನ ಹಕ್ಕಿದೆ ಅಂತ ಅರ್ಥ. ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರುವ ತನಕ ಒಂದು ರೂಪಾಯಿ ಮುಂಗಡ ಕೊಡಬೇಡಿ.

ಸವಣೂರು: ಗಂಟೆಗೆ ಡೀಸೆಲ್ ಎಷ್ಟು ಕುಡಿಯುತ್ತೆ ಅಣ್ಣ?

ರಾಣೆಬೆನ್ನೂರು ರೈತ: ಈಗ ಮಾರುವವರು ಬೇರೆ ರಾಗ ಎಳೆಯುತ್ತಿದ್ದಾರೆ. ಎಂಜಿನ್ ಬದಲಿಸಿದ್ದೇವೆ, ಆರ್‌ಸಿ ಹಳೆಯದು ಅಂತ.

ಟ್ರ್ಯಾಕ್ಟರ್ ಮಿಸ್ತ್ರಿ: ಬಾನೆಟ್ ಎತ್ತಿದ ಫೋಟೋ ಎಲ್ಲಿ? ಕೇಳಿ ಎಷ್ಟು ಹೊತ್ತಾಯಿತು? ನಿಜವಾಗಿ ಬದಲಿಸಿದ್ದರೆ ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗಲ್ಲ. ಆಗ ನಿಮ್ಮ ಹೆಸರಿಗೆ ಮಾಡಿಸುವಾಗ ಆರ್‌ಟಿಓದಲ್ಲಿ ತೊಂದರೆ. ಸುಳ್ಳಾದರೆ ನಂಬರ್ ತಾಳೆಯಾಗುತ್ತದೆ, ಸಿಲಿಂಡರ್ ಮೂರೇ ಇರುತ್ತವೆ. ಎರಡರಲ್ಲಿ ಯಾವುದು ಅಂತ ಹೋಗಿ ನೋಡಿ ಬನ್ನಿ.

ಇನ್ನೊಬ್ಬರು: ಅಣ್ಣ, ಈ ಬಾನೆಟ್ ಎಷ್ಟು ಎಚ್‌ಪಿ?

ಟ್ರ್ಯಾಕ್ಟರ್ ಮಿಸ್ತ್ರಿ: ಮೇಲೆ ಓದಿ.