ಪ್ರವಚನದ ಹೊಸ ಚಾನೆಲ್: ಕಡಿಮೆ ದುಡ್ಡಿನಲ್ಲಿ ಮೊದಲು ಏನು ತಗೊಳ್ಳೋದು?

ಪ್ರಶ್ನೆ: ನಮ್ಮ ಗುರುಗಳ ಪ್ರವಚನಕ್ಕೆ ಚಾನೆಲ್ ಶುರು ಮಾಡುತ್ತಿದ್ದೇವೆ. ದುಡ್ಡು ಕಡಿಮೆ. ಫೋನ್ ಇದೆ, ಮೂರು ವರ್ಷ ಹಳೆಯದು. ಹೊಸ ಫೋನ್, ಲೈಟು, ಮೈಕು, ಟ್ರೈಪಾಡ್, ಯಾವುದು ಮೊದಲು? ಹಾಲ್ ದೊಡ್ಡದು, ಮಾತು ಗುಂಯ್ ಅನ್ನುತ್ತದೆ. ಗುರುಗಳು ನೆಲದ ಮೇಲೆ ಕೂರುತ್ತಾರೆ, ಕನ್ನಡಕ ಹಾಕುತ್ತಾರೆ.

ಉತ್ತರ (ರೆಕಾರ್ಡಿಂಗ್ ಕೆಲಸದವರು): ಮೊದಲು ಮೈಕು, ಆಮೇಲೆ ಟ್ರೈಪಾಡ್, ಆಮೇಲೆ ಲೈಟು. ಫೋನ್ ಸದ್ಯಕ್ಕೆ ಬೇಡ. ಪ್ರವಚನವನ್ನು ಜನ ಹೆಚ್ಚಾಗಿ ಕೇಳುತ್ತಾರೆ, ಕೆಲಸ ಮಾಡುತ್ತಲೇ ಕೇಳುವವರೂ ಇರುತ್ತಾರೆ. ಚಿತ್ರ ಸ್ವಲ್ಪ ಮಂಕಾದರೆ ಸಹಿಸುತ್ತಾರೆ, ಮಾತು ತಿಳಿಯದಿದ್ದರೆ ಎರಡೇ ನಿಮಿಷಕ್ಕೆ ಬಿಟ್ಟುಹೋಗುತ್ತಾರೆ.

ಈಗ ಫೋನ್ ಎರಡು ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಅಲ್ಲಿಗೆ ಗುರುಗಳ ದನಿ ಎಷ್ಟು ಬರುತ್ತದೋ, ಗೋಡೆಗೆ ಬಡಿದು ವಾಪಸ್ ಬರುವ ದನಿಯೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಬಾಯಿಂದ 20 ಸೆಂಟಿಮೀಟರ್‌ನಲ್ಲಿ ಕಾಲರ್ ಮೈಕ್ ಸಿಕ್ಕಿಸಿದರೆ ನೇರ ದನಿ ಹತ್ತು ಪಟ್ಟು ಹತ್ತಿರವಾಯಿತು, ಹಾಲಿನ ಗುಂಯ್ ಇದ್ದಷ್ಟೇ ಇರುತ್ತದೆ. ಎಷ್ಟು ದುಬಾರಿ ಫೋನ್ ತಂದರೂ ಈ ವ್ಯತ್ಯಾಸ ಸಿಗುವುದಿಲ್ಲ. ಶುರುವಿಗೆ ವೈರ್ ಇರುವ ಕಾಲರ್ ಮೈಕ್ ಸಾಕು. ಚಾರ್ಜ್ ಮುಗಿಯುವ ಚಿಂತೆಯೂ ಇಲ್ಲ.

ಗುರುಗಳು ಶಾಲು ಹೊದೆಯುತ್ತಾರಾ? ಮಾಲೆ ಹಾಕುತ್ತಾರಾ? ಬಟ್ಟೆ ಉಜ್ಜುವ ಸದ್ದು, ಮಣಿ ತಾಗುವ ಟಿಕ್ ಟಿಕ್, ಎರಡೂ ಆಮೇಲೆ ತೆಗೆಯಲು ಬರಲ್ಲ. ಮೈಕನ್ನು ಶಾಲಿನ ಒಳಗೆ ಅಡಗಿಸಬೇಡಿ, ಹೊರಗೆ ಕಾಣುವಂತೆಯೇ ಇರಲಿ.

ಸದಸ್ಯರೊಬ್ಬರು: ಸರ್, ನಾಯ್ಸ್ ಕ್ಯಾನ್ಸಲೇಷನ್ ಇರುವ ವೈರ್‌ಲೆಸ್ ಮೈಕ್ ತಗೊಂಡರೆ ಮುಗೀತಲ್ವಾ? ಹಾಲ್ ಹೇಗಿದ್ದರೂ ಕ್ಲಿಯರ್ ಬರುತ್ತೆ. ನಾನು ಅದನ್ನೇ ಬಳಸೋದು.

ಉತ್ತರ: ಫ್ಯಾನ್ ಸದ್ದಿಗೆ ಅದು ಒಳ್ಳೆಯದು, ನಿಮ್ಮ ಮಾತು ಅಷ್ಟರಮಟ್ಟಿಗೆ ಸರಿ. ಆದರೆ ಗುಂಯ್ ಅನ್ನುವುದು ಅದೇ ಮಾತಿನ ಪ್ರತಿಧ್ವನಿ, ಅದನ್ನು ಬೇರೆ ಮಾಡುವುದು ಆ ಮೈಕಿಗೆ ಕಷ್ಟ. ಗುರುಗಳು ನಡುವೆ ಶ್ಲೋಕವನ್ನು ರಾಗವಾಗಿ ಎಳೆದು ಹೇಳಿದರೆ, ಎಳೆದ ಸ್ವರವನ್ನೇ ಸದ್ದು ಅಂದುಕೊಂಡು ಅದು ತುಂಡರಿಸಬಹುದು. ಶ್ಲೋಕದ ಕೊನೆಯ ಅಕ್ಷರ ನೀರೊಳಗಿಂದ ಬಂದ ಹಾಗೆ ಕೇಳಿಸಿದರೆ ಅದೇ ಕಾರಣ. ಆಗ ಆಫ್ ಮಾಡಿಬಿಡಿ.

ಇನ್ನೊಬ್ಬರು: ನಮ್ಮದು ಭಜನಾ ಮಂಡಳಿ, ಹನ್ನೆರಡು ಜನ ಹಾಡುತ್ತೇವೆ. ನಾವೂ ಕಾಲರ್ ಮೈಕ್ ತಗೊಳ್ಳೋಣವಾ ಅಣ್ಣ?

ಉತ್ತರ: ಬೇಡಮ್ಮ. ಯಾರಿಗೆ ಸಿಕ್ಕಿಸುತ್ತೀರೋ ಅವರೊಬ್ಬರ ಗಂಟಲೇ ಮುಂದೆ ಬರುತ್ತದೆ. ಅರ್ಧ ಸುತ್ತಿನಲ್ಲಿ ಕೂತು, ಫೋನನ್ನು ಎಲ್ಲರಿಗೂ ಸಮ ದೂರದಲ್ಲಿ, ತಾಳ ಹಿಡಿದವರಿಂದ ಮಾತ್ರ ದೂರ ಇಡಿ. ತಾಳ ಹತ್ತಿರವಿದ್ದರೆ ಅದರ ಪ್ರತಿ ಪೆಟ್ಟಿಗೂ ಫೋನ್ ತಾನಾಗಿ ದನಿ ತಗ್ಗಿಸುತ್ತದೆ, ಹಾಡು ಮೇಲೆ ಕೆಳಗೆ ಆಗುತ್ತದೆ.

ಪ್ರಶ್ನೆ ಕೇಳಿದವರು: ವೈರ್ ಮೈಕ್ ಒಂದನ್ನು ಪರಿಚಯದವರಿಂದ ತಂದು ನೋಡಿದೆ ಸರ್. ಏನೂ ವ್ಯತ್ಯಾಸ ಇಲ್ಲ, ಅದೇ ಗುಂಯ್.

ಉತ್ತರ: ಹಾಗಾದರೆ ಫೋನ್ ಆ ಮೈಕನ್ನು ತಗೊಂಡೇ ಇಲ್ಲ ಅನ್ನಿಸುತ್ತದೆ. ರೆಕಾರ್ಡ್ ಹಾಕಿ, ಕಾಲರ್ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಆಮೇಲೆ ಫೋನಿನ ಕೆಳತುದಿಯನ್ನು ಕೆರೆಯಿರಿ. ಯಾವುದು ಜೋರಾಗಿ ಕೇಳಿತೋ ಅದೇ ಮೈಕ್ ನಡೆಯುತ್ತಿದೆ. ಪಿನ್ ಮೇಲಿನ ಗೆರೆಗಳನ್ನೂ ಎಣಿಸಿ. ಫೋನಿಗೆ ಬೇಕಾದದ್ದು ಮೂರು ಗೆರೆಯದು. ಎರಡೇ ಇದ್ದರೆ ಅದು ಕ್ಯಾಮೆರಾದ ಮೈಕ್, ನಡುವೆ ಅಡಾಪ್ಟರ್ ಬೇಕು.

ಪ್ರಶ್ನೆ ಕೇಳಿದವರು: ಹೌದು ಸರ್, ಎರಡೇ ಗೆರೆ! ಟ್ರೈಪಾಡ್, ಲೈಟಿನ ಬಗ್ಗೆ?

ಉತ್ತರ: ಕೂತವರ ಕಣ್ಣಿನ ಮಟ್ಟಕ್ಕೆ ಫೋನ್ ಬರಬೇಕು, ಹಾಗಾಗಿ ಉದ್ದದ ಟ್ರೈಪಾಡ್ ಬೇಕಿಲ್ಲ. ಫೋನ್ ಹಿಡಿಯುವ ಕ್ಲ್ಯಾಂಪ್ ಗಟ್ಟಿ ಇದೆಯಾ ನೋಡಿ, ಅಗ್ಗದ್ದರಲ್ಲಿ ಮೊದಲು ಸಡಿಲವಾಗುವುದು ಅದೇ. ಹಿಂದಿನ ಕ್ಯಾಮೆರಾದಲ್ಲೇ ಶೂಟ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು.

ರಿಂಗ್ ಲೈಟ್ ನಿಮಗೆ ಬೇಡವೇ ಬೇಡ, ಕನ್ನಡಕದಲ್ಲಿ ಎರಡು ಬಿಳಿ ಬಳೆ ಕಾಣುತ್ತವೆ. ಹಗಲಾದರೆ ಕಿಟಕಿ ಪಕ್ಕಕ್ಕೆ ಬರುವಂತೆ ಕೂರಿಸಿ. ಹಿಂದೆ ದೀಪ ಉರಿಯುತ್ತಿದ್ದರೆ, ಪರದೆಯಲ್ಲಿ ಗುರುಗಳ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ. ಇಲ್ಲದಿದ್ದರೆ ಜ್ವಾಲೆ ಅಲುಗಿದಾಗಲೆಲ್ಲ ಮುಖದ ಬೆಳಕು ಏರಿಳಿಯುತ್ತದೆ.

ಮೊದಲ ಸದಸ್ಯರು: ಸರ್, ಆರಂಭದಲ್ಲಿ ಗಂಟೆ ಬಾರಿಸಿದರೆ? ಕಾಲರ್ ಮೈಕಿನಲ್ಲಿ ಒಡೆದ ಹಾಗೆ ಬರುತ್ತೆ.

ಉತ್ತರ: ನಾನಾದರೆ ಗಂಟೆಯನ್ನು ಬೇರೆ ಫೋನಿನಲ್ಲಿ, ದೂರದಿಂದ ರೆಕಾರ್ಡ್ ಮಾಡಿ ಜೋಡಿಸುತ್ತೇನೆ.

ಮೊದಲ ಸದಸ್ಯರು: ಪ್ರತಿ ವಾರ ಜೋಡಿಸುವುದು ದೊಡ್ಡ ಕೆಲಸ ಸರ್. ಗಂಟೆ ಮುಗಿದ ಮೇಲೆ ಮೈಕ್ ಸಿಕ್ಕಿಸಿ ರೆಕಾರ್ಡ್ ಶುರು ಮಾಡೋದೇ ವಾಸಿ ಅನ್ಸುತ್ತೆ ನನಗೆ.

ಪ್ರಶ್ನೆ ಕೇಳಿದವರು: ಗುರುಗಳು ಗಂಟೆ ಬಿಡಲು ಒಪ್ಪುವುದಿಲ್ಲ. ಅಡಾಪ್ಟರ್ ಬಂದ ಮೇಲೆ ಎರಡನ್ನೂ ಮಾಡಿ ಇಲ್ಲೇ ಹಾಕುತ್ತೇನೆ, ಕೇಳಿ ಹೇಳಿ.