ಪಿಂಗಾಣಿ ಸ್ವಿಚ್: ನೋಂದಣಿ ಸಂಖ್ಯೆ 1906 ಅನ್ನುತ್ತೆ, ಗುಬುಟು ಒಪ್ತಿಲ್ಲ

ಹಳೇಬೆಳಕು: ಹಿತ್ತಾಳೆ ಮುಚ್ಚಳ, ದುಂಡನೆಯ ಪಿಂಗಾಣಿ ತಳ ಇರೋ ಇಂಗ್ಲೆಂಡಿನ ಸ್ವಿಚ್ ಸಿಕ್ಕಿದೆ. ತಳದ ಹಿಂಬದಿ 'ಆರ್‌ಡಿ ನಂ. 480' ಅಂತ ಶುರುವಾಗೋ ಆರಂಕಿಯ ಸಂಖ್ಯೆ. ಬ್ರಿಟನ್ನಿನ ವಿನ್ಯಾಸ ನೋಂದಣಿ ಪಟ್ಟಿ ನೋಡಿದರೆ 1906. ಆದರೆ ಗುಬುಟು ಕಂದು ಬಣ್ಣದ ಬೇಕಲೈಟ್ ಥರ ಇದೆ. ಬೇಕಲೈಟ್ ಬೆಳಕಿಗೆ ಬಂದದ್ದೇ 1909ರಲ್ಲಿ. ಯಾರೋ ಗುಬುಟು ಬದಲಿಸಿದ್ದಾರಾ?

ತಂತಿಗಾರ: ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ ಮೂಸಿ. ಕಾರ್ಬಾಲಿಕ್ ವಾಸನೆ ಬಂದ್ರೆ ಬೇಕಲೈಟ್.

ಕಂಬದಕಪ್: ದಯವಿಟ್ಟು ಬಿಸಿನೀರು ಬೇಡ! ವಾಸನೆಯ ಮಾತು ಸರಿ, ಆದರೆ ಅದು ಎಬೊನೈಟ್ ಅನ್ನೋ ಕಪ್ಪು ಗಟ್ಟಿ ರಬ್ಬರ್ ಆಗಿದ್ದರೆ ಬಿಸಿನೀರು ತಗುಲಿದ ಕಡೆಯೆಲ್ಲ ಇನ್ನಷ್ಟು ಕಂದಾಗುತ್ತೆ, ಆ ಕಪ್ಪು ಮತ್ತೆ ಬರಲ್ಲ. ಹೆಬ್ಬೆರಳಿಂದ ಬಿಸಿಯಾಗೋವರೆಗೆ ಉಜ್ಜಿ ಮೂಸಿದರೆ ಸಾಕು. ಎಬೊನೈಟ್ ಗಂಧಕದ ವಾಸನೆ ಕೊಡುತ್ತೆ. ಅದಕ್ಕಿಂತ ಒಳ್ಳೆ ಸಾಕ್ಷಿ ಮುಚ್ಚಳದ ಒಳಗಿದೆ. ಮುಚ್ಚಳ ತಿರುಗಿಸಿ ತೆಗೆದು, ಬೆಳಕು ಕಾಣದ ಬುಡ ಯಾವ ಬಣ್ಣ ನೋಡಿ. ಗುಬುಟಿನ ಅಡ್ಡಪಿನ್ನಿನ ತಲೆ ಮೇಲೆ ಹೊಸ ಗೀರು ಇದೆಯಾ ಅಂತಾನೂ ನೋಡಿ.

ಗಾಜುಗುಬ್ಬಿ: ನನ್ನ ಹತ್ರ ಹೆಮಿಂಗ್ರೇ ಕಂಪನಿಯ, ತಂತಿಕಂಬದ ಗಾಜಿನ ಇನ್ಸುಲೇಟರ್ ಇದೆ, ಮೇಲೆ '2 ಮೇ 1893' ಅಂತಾನೇ ಇದೆ. ಹಂಗಾದ್ರೆ ನಂದು ಪಕ್ಕಾ 1893 ಅಲ್ವಾ?

ಕಂಬದಕಪ್: ಅಲ್ಲ, ಅದು ಪೇಟೆಂಟ್ ಸಿಕ್ಕ ದಿನ. ಅಂಚಿನಲ್ಲಿ ನೀರು ತೊಟ್ಟಿಕ್ಕಲಿ ಅಂತ ಮಾಡಿದ ಮೊನೆಗಳಿಗೆ ಸಿಕ್ಕ ಪೇಟೆಂಟ್. ಅದೇ ದಿನಾಂಕ ಹೊತ್ತು ಆಮೇಲೆ ಎಷ್ಟೋ ವರ್ಷ ಇನ್ಸುಲೇಟರ್‌ಗಳು ಬಂದವು. ಸ್ವಿಚ್ಚಿನ ಸಂಖ್ಯೆಯೂ ಹೀಗೇ: ಆ ವಿನ್ಯಾಸ ನೋಂದಣಿಯಾದದ್ದು 1906ರಲ್ಲಿ, ಅದಕ್ಕಿಂತ ಮುಂಚೆ ಈ ತಳ ಇರೋಕೆ ಸಾಧ್ಯವಿಲ್ಲ, ಅಷ್ಟೇ. ಅಚ್ಚು ಸವೆಯೋವರೆಗೂ ಅದೇ ಸಂಖ್ಯೆ ಬೀಳ್ತಾ ಇರುತ್ತೆ.

ತಂತಿಗಾರ: ಎಬೊನೈಟ್ ಗುಣ ಗೊತ್ತಿರಲಿಲ್ಲ ಸರ್, ಒಳ್ಳೇದಾಯ್ತು. 'ಮೇಡ್ ಇನ್ ಇಂಗ್ಲೆಂಡ್' ಅಂತ ಇಲ್ಲದಿದ್ದರೆ 1887ಕ್ಕೂ ಹಳೇದು ಅಂತಾರಲ್ಲ?

ಕಂಬದಕಪ್: 1887ರ ಬ್ರಿಟನ್ನಿನ ಸರಕು ಗುರುತಿನ ಕಾಯ್ದೆ ನೋಡಿದ್ದು ಹೊರದೇಶದಿಂದ ಬ್ರಿಟನ್ನಿಗೆ ಬರೋ ಸರಕಿನ ಸುಳ್ಳು ಗುರುತನ್ನ. ಅಲ್ಲೇ ಮಾಡಿ ಅಲ್ಲೇ ಮಾರೋ ಸ್ವಿಚ್ಚಿಗೆ ದೇಶದ ಹೆಸರು ಹಾಕಲೇಬೇಕು ಅಂತಿರಲಿಲ್ಲ. ಹೆಸರಿಲ್ಲ ಅನ್ನೋದರಿಂದ ಏನೂ ಸಾಬೀತಾಗಲ್ಲ.

ಹಳೇಬೆಳಕು: ಬಿಚ್ಚಿ ನೋಡಿದೆ. ಹೊರಗಿನ ಭಾಗ ಹಸಿರು ಬೆರೆತ ಕಂದು, ಮುಚ್ಚಳದೊಳಗಿನ ಬುಡ ಇದ್ದಿಲಿನಂಥ ಕಪ್ಪು. ಎರಡರ ನಡುವೆ ಗೆರೆ ಎಳೆದ ಹಾಗೆ ಅಂಚು. ಉಜ್ಜಿದರೆ ಬೆಂಕಿಕಡ್ಡಿ ವಾಸನೆ. ಪಿನ್ನಿನ ತಲೆ ಮೇಲೆ ಸುತ್ತಲಿನ ಹಿತ್ತಾಳೆಯಷ್ಟೇ ಕಿಲುಬು.

ಕಂಬದಕಪ್: ಹಾಗಾದರೆ ಎಬೊನೈಟೇ, ಬೆಳಕಿಗೆ ಕಂದಾಗಿದೆ. ಮೂಲ ಗುಬುಟೇ ಅನ್ನಿಸುತ್ತೆ. ಚೀಟಿಯಲ್ಲಿ '1906 ಅಥವಾ ಆಮೇಲೆ' ಅಂತ ಬರೆಯಿರಿ. 1908ರದ್ದೋ 1915ರದ್ದೋ ಅನ್ನೋದನ್ನ ಇಷ್ಟರಿಂದ ಹೇಳೋಕಾಗಲ್ಲ. ತಯಾರಕರ ಗುರುತಿದ್ದರೆ ಹತ್ತಿರದಿಂದ ಫೋಟೊ ಹಾಕಿ, ಹಳೇ ಕ್ಯಾಟಲಾಗಿನ ಚಿತ್ರಗಳ ಜೊತೆ ಇಟ್ಟು ನೋಡೋಣ.

ಹಳೇಬೆಳಕು: ಸ್ಕ್ರೂ ತೂತಿನ ಪಕ್ಕ ಮಾಸಿದ ಮುದ್ರೆ ಒಂದಿದೆ, ಓರೆ ಬೆಳಕಲ್ಲಿ ಎರಡು ಅಕ್ಷರ ಮಾತ್ರ ಕಾಣ್ತಿದೆ. ನಾಳೆ ಹಗಲಲ್ಲಿ ತೆಗೆದು ಹಾಕ್ತೀನಿ.