ಎಲ್ಲರೂ ದುಡ್ಡು ಕಟ್ಟಿದ್ದಾರೆ, ಗುಂಪು ಆರ್ಡರ್ ಮಾತ್ರ ಬಾಕಿ ಅನ್ನುತ್ತಿದೆ

ಬುಟ್ಟಿಗಾರ:
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ನಮ್ಮ ಆಪ್‌ನಲ್ಲಿ ಗುಂಪು ಆರ್ಡರ್ ಸೌಲಭ್ಯ ಹಾಕಿದ್ದೇವೆ. ಒಬ್ಬರು ಬುಟ್ಟಿ ತೆರೆದು ಲಿಂಕ್ ಕಳಿಸುತ್ತಾರೆ. ಉಳಿದವರು ತಮಗೆ ಬೇಕಾದ್ದನ್ನು ಅದಕ್ಕೇ ಸೇರಿಸುತ್ತಾರೆ. ಕೊನೆಗೆ ಅವರವರ ಪಾಲು ಅವರವರೇ ಕಟ್ಟುತ್ತಾರೆ. ಎಲ್ಲರ ಪೇಮೆಂಟೂ ಆಗಿದೆ, ಆದರೆ ಆರ್ಡರ್ `PARTIALLY_PAID` ಅಂತ ಕೂತೇ ಇದೆ. ಕೆಲವು ಹೋಗುತ್ತವೆ, ಕೆಲವು ಹೋಗಲ್ಲ. ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ಯಾರಿಗಾದರೂ ಹೀಗಾಗಿದೆಯಾ?

ತಂತಿಜಾಲ:
ವೆಬ್‌ಹುಕ್, ಇನ್ನೇನು. ಗೇಟ್‌ವೇ ಕಳಿಸಿದ ಸುದ್ದಿ ನಿಮ್ಮ ಸರ್ವರ್‌ಗೆ ತಲುಪಿಲ್ಲ, ಇಲ್ಲಾ ಎರಡು ಒಟ್ಟಿಗೆ ಬಂದು ಒಂದು ಇನ್ನೊಂದನ್ನು ಅಳಿಸಿದೆ. ಮೂರು ಜನ ಒಂದೇ ಹೊತ್ತಿಗೆ ಕಟ್ಟಿದರೆ ಹೀಗಾಗುವುದು ಸಹಜ. ಬುಟ್ಟಿಯ ಸಾಲಿಗೆ ಲಾಕ್ ಹಾಕಿ.

ಬುಟ್ಟಿಗಾರ:
ಲಾಕ್ ಇದೆ ಸರ್. ಮೂರೂ ವೆಬ್‌ಹುಕ್ ಬಂದಿವೆ, ಮೂರೂ ಪೇಮೆಂಟ್ ಟೇಬಲ್‌ನಲ್ಲಿ ಕಾಣುತ್ತಿವೆ.

ತಂತಿಜಾಲ:
ಕಾಣುತ್ತಿವೆ ಅಂದರೆ ಸರಿಯಾದ ಹೊತ್ತಿಗೆ ಬಂದಿವೆ ಅಂತಲ್ಲ. ನಾನು ಇದಕ್ಕೇ ಅಂತ ಬೇರೆ ಕ್ಯೂ ಇಟ್ಟಿದ್ದೇನೆ, ಅದರ ಹಿಂದೆ ಮೂರು ವರ್ಕರ್. ಪ್ರತಿ ಸುದ್ದಿಯನ್ನೂ ಎರಡು ಸಲ ಓದುತ್ತವೆ. ಒಂದು ವರ್ಷದಿಂದ ಒಂದೂ ಕಳೆದುಹೋಗಿಲ್ಲ. ಬೇಕಾದರೆ ನನ್ನ ಸೆಟಪ್ಪಿನ ಚಿತ್ರ ಹಾಕುತ್ತೇನೆ.

ಸುಮ್ನೆಬಂದೆ:
ನನಗೂ ಇದೇ ಕಾಟ! ಗುಂಪಿನಲ್ಲಿ ಮೂವರು ಕಟ್ಟಿದೆವು, ನಾಲ್ಕನೆಯವನು ನಾಪತ್ತೆ. ನನ್ನ ಕಾರ್ಡ್‌ನಲ್ಲಿ ದುಡ್ಡು ಹಿಡಿದಿಟ್ಟಿದ್ದಾರೆ, ಆರ್ಡರೂ ಇಲ್ಲ. ವಾಪಸ್ ಯಾವಾಗ ಬರುತ್ತದೆ?

ಲೆಕ್ಕದಪುಸ್ತಕ:
ಸುಮ್ನೆಬಂದೆ, ನಿಮ್ಮದು ಬೇರೆ ವಿಷಯ. ನಿಮ್ಮಲ್ಲಿ ಒಬ್ಬ ಕಟ್ಟಿಯೇ ಇಲ್ಲ. ಇವರಲ್ಲಿ ಎಲ್ಲರೂ ಕಟ್ಟಿದ್ದಾರೆ.
ಬುಟ್ಟಿಗಾರ, ಸಿಕ್ಕಿಬಿದ್ದ ಒಂದೇ ಒಂದು ಆರ್ಡರ್ ತೆಗೆದುಕೊಳ್ಳಿ. ಒಟ್ಟು ಎಷ್ಟು, ಬಂದಿದ್ದು ಎಷ್ಟು, ಕೊನೆಯ ಚಿಲ್ಲರೆವರೆಗೂ ಬರೆಯಿರಿ. ಡೆಲಿವರಿ ಶುಲ್ಕ ಇದೆಯಾ? ಅದನ್ನು ಹೇಗೆ ಹಂಚುತ್ತೀರಿ?

ಬುಟ್ಟಿಗಾರ:
ಶುಲ್ಕ ಇದ್ದೇ ಇರುತ್ತೆ ಅಲ್ವಾ, ಅದಕ್ಕೇ ಹೇಳಿರಲಿಲ್ಲ. ಎಲ್ಲರಿಗೂ ಸಮ ಪಾಲು. ಹತ್ತಿರಕ್ಕೆ 40, ದೂರಕ್ಕೆ 50.
ಸಿಕ್ಕಿಬಿದ್ದಿದ್ದು: ಮೂರು ಜನ. ವಸ್ತುಗಳು 420, 310, 270. ಶುಲ್ಕ 40. ಒಟ್ಟು 1040.00. ಬಂದಿದ್ದು 1039.99.
ಅಯ್ಯೋ.

ಲೆಕ್ಕದಪುಸ್ತಕ:
ಸಿಕ್ಕಿತು. 40ನ್ನು ಮೂವರಿಗೆ ಹಂಚಿ ಎರಡು ದಶಾಂಶಕ್ಕೆ ತಂದರೆ ತಲಾ 13.33. ಮೂರೂ ಕೂಡಿದರೆ 39.99. ಆ 0.01 ಯಾರ ತಲೆಗೂ ಬಿದ್ದಿಲ್ಲ. ನಿಮ್ಮ ಷರತ್ತು `paid >= total` ಅಂತ ಇರಬೇಕು.

ಬುಟ್ಟಿಗಾರ:
ಹೌದು, ಹಾಗೇ ಇದೆ. ಆದರೆ ಮೂರು ಜನದ ಬೇರೆ ಆರ್ಡರ್‌ಗಳು ಸಲೀಸಾಗಿ ಹೋಗಿವೆಯಲ್ಲ? ಆರು ಜನದ್ದೂ ಹೋಗಿದೆ.

ಲೆಕ್ಕದಪುಸ್ತಕ:
ಅವುಗಳ ಶುಲ್ಕ ನೋಡಿ. 50ನ್ನು ಮೂವರಿಗೆ ಹಂಚಿದರೆ 16.67, ಕೂಡಿದರೆ 50.01. ಜಾಸ್ತಿ ಬಂದರೆ ನಿಮ್ಮ ಷರತ್ತು ಒಪ್ಪಿ ಬಿಡುತ್ತದೆ. ಆರು ಜನಕ್ಕೆ ಇದು ತಲೆಕೆಳಗು: ಶುಲ್ಕ 40 ಇದ್ದರೆ 6.67, ಕೂಡಿ 40.02, ಹೋಗುತ್ತದೆ. 50 ಇದ್ದರೆ 8.33, ಕೂಡಿ 49.98, ನಿಲ್ಲುತ್ತದೆ. ಇಬ್ಬರು, ನಾಲ್ವರು, ಐವರು ಇದ್ದಾಗ ಸರಿಯಾಗಿ ಹಂಚಿಹೋಗುತ್ತದೆ, ಅಲ್ಲಿ ತೊಂದರೆಯೇ ಕಂಡಿರುವುದಿಲ್ಲ. ಅಂದರೆ ಹೋದ ಆರ್ಡರ್‌ಗಳಲ್ಲೂ ಕೆಲವರಿಂದ ನೀವು ಜಾಸ್ತಿ ವಸೂಲಿ ಮಾಡಿದ್ದೀರಿ.

ಅರೆಬೆಂದಕೋಡ್:
ಇದು ಫ್ಲೋಟ್ ಸಮಸ್ಯೆ. 0.1 + 0.2 ಕೂಡಿದರೆ 0.3 ಬರಲ್ಲ, ಎಲ್ಲರಿಗೂ ಗೊತ್ತಿರುವುದೇ. `Decimal` ಬಳಸಿ, ಮುಗಿಯಿತು.

ಲೆಕ್ಕದಪುಸ್ತಕ:
ದುಡ್ಡಿಗೆ ಫ್ಲೋಟ್ ಬೇಡ ಅನ್ನುವುದು ಸರಿ. ಆದರೆ `Decimal`ನಲ್ಲೂ 13.33ನ್ನು ಮೂರರಿಂದ ಗುಣಿಸಿದರೆ 39.99 ಅಷ್ಟೇ. ಇಲ್ಲಿ ತಪ್ಪಿದ್ದು ಕೂಡುವುದರಲ್ಲಲ್ಲ, ಹಂಚುವುದರಲ್ಲಿ.

ಅರೆಬೆಂದಕೋಡ್:
ಹಾಗಾದರೆ 0.01 ಕಡಿಮೆ ಇದ್ದರೂ ನಡೆಯುತ್ತೆ ಅಂತ ಸಡಿಲ ಬಿಡಿ. ಒಂದು ಸಾಲಿನ ಕೆಲಸ.

ಲೆಕ್ಕದಪುಸ್ತಕ:
ಮೇಲಿನ ಆರು ಜನದ ಲೆಕ್ಕದಲ್ಲಿ ಕೊರತೆ 0.02. ಏಳು ಜನ, ಶುಲ್ಕ 40 ಆದರೆ 0.03. ಎಷ್ಟು ಅಂತ ಸಡಿಲ ಬಿಡುತ್ತೀರಿ ಮಾರಾಯ್ರೇ? ತಿಂಗಳ ಕೊನೆಗೆ ಲೆಕ್ಕ ತಾಳೆ ಹಾಕುವವರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.
ಬುಟ್ಟಿಗಾರ, ಮೊತ್ತವನ್ನು ನೂರರಿಂದ ಗುಣಿಸಿ ಪೂರ್ಣಾಂಕವಾಗಿ ಇಟ್ಟುಕೊಳ್ಳಿ. 40.00 ಅಂದರೆ 4000. ಮೊದಲು ಎಲ್ಲರಿಗೂ ಸಮನಾಗಿ ಕೊಡಿ, ಮಿಕ್ಕಿದ್ದನ್ನು ಮೊದಲು ಸೇರಿದವರಿಂದ ಶುರು ಮಾಡಿ ಒಂದೊಂದಾಗಿ ಹಾಕಿ.

```
base  = fee // n
extra = fee % n
share[i] = base + (1 if i < extra else 0)
```

ಮೂವರಿಗೆ 1334, 1333, 1333. ಕೂಡಿ ನೋಡಿ, 4000.

ತಂತಿಜಾಲ:
ಅದೆಲ್ಲ ಸರಿ, ಆದರೆ ವೆಬ್‌ಹುಕ್ ಲಾಗ್ ಒಮ್ಮೆ ನೋಡಿದ್ದರೆ ಚೆನ್ನಾಗಿತ್ತು.

ಬುಟ್ಟಿಗಾರ:
ಹಾಕಿದೆ, ನಿನ್ನೆಯೆಲ್ಲ ಚೆನ್ನಾಗಿ ನಡೆಯಿತು. ಇವತ್ತು ಬೆಳಿಗ್ಗೆ ಮತ್ತೆ ಒಂದು ಸಿಕ್ಕಿಬಿದ್ದಿದೆ. ಮೂರು ಜನ, ಶುಲ್ಕ 40, ಮತ್ತೆ 0.01 ಕಡಿಮೆ! ಮೂವರೂ 13.33 ಕಟ್ಟಿದ್ದಾರೆ. 13.34 ಯಾರಿಗೂ ಹೋಗೇ ಇಲ್ಲ.

ಲೆಕ್ಕದಪುಸ್ತಕ:
ಪಾಲನ್ನು ಯಾವಾಗ ಲೆಕ್ಕ ಹಾಕುತ್ತೀರಿ?

ಬುಟ್ಟಿಗಾರ:
ಅವರವರು ಪೇಮೆಂಟ್ ಪುಟ ತೆರೆದಾಗ.

ಲೆಕ್ಕದಪುಸ್ತಕ:
ಸದಸ್ಯರ ಪಟ್ಟಿ ತರುವ ಕ್ವೆರಿಯಲ್ಲಿ `ORDER BY` ಇದೆಯಾ? ಇಲ್ಲದಿದ್ದರೆ ಡೇಟಾಬೇಸ್ ಪ್ರತಿ ಸಲ ಒಂದೇ ಕ್ರಮದಲ್ಲಿ ಕೊಡಬೇಕು ಅಂತೇನಿಲ್ಲ. ಮೊದಲನೆಯವರು ಪುಟ ತೆರೆದಾಗ ಪಟ್ಟಿಯಲ್ಲಿ ಎರಡನೆಯ ಜಾಗದಲ್ಲಿದ್ದರು, 13.33 ಕಂಡಿತು. ಅವರು ಕಟ್ಟಿದ ಮೇಲೆ ಅವರ ಸಾಲು ಬದಲಾಗಿ ಪಟ್ಟಿಯ ತಲೆಗೆ ಬಂತು. ಹೀಗೆ ಕಟ್ಟಿ ಮುಗಿಸಿದವರೇ 13.34ರ ಜಾಗದಲ್ಲಿ ಕೂತರು.
`ORDER BY` ಹಾಕಿದರೂ ಸಾಲದು. ಬುಟ್ಟಿ ಮುಚ್ಚಿದ ಕ್ಷಣದಲ್ಲೇ ಪಾಲು ಲೆಕ್ಕ ಹಾಕಿ, ಪ್ರತಿಯೊಬ್ಬರ ಹೆಸರಿನ ಮುಂದೆ ಬರೆದಿಡಿ. ಆಮೇಲೆ ಪುಟ ಬರೆದಿದ್ದನ್ನು ತೋರಿಸಬೇಕೇ ಹೊರತು ಮತ್ತೆ ಲೆಕ್ಕ ಹಾಕಬಾರದು. ಕೂಡಿದ ಮೊತ್ತ ಒಟ್ಟಿಗೆ ಸಮ ಬರದಿದ್ದರೆ ಬುಟ್ಟಿ ಮುಚ್ಚಲು ಬಿಡಬೇಡಿ.

ಬುಟ್ಟಿಗಾರ:
`ORDER BY` ಇರಲಿಲ್ಲ. ನಾಚಿಕೆ ಆಗ್ತಿದೆ. ಇನ್ನೊಂದು ಪ್ರಶ್ನೆ: ಪಾಲು ಬರೆದಿಟ್ಟ ಮೇಲೆ, ಇಬ್ಬರು ಕಟ್ಟಿದ ಮೇಲೆ, ಮೂರನೆಯವರು ನಂಗೆ ಬೇಡ ಅಂದರೆ? ಅವರ 13.33 ಯಾರ ಮೇಲೆ?

ಅರೆಬೆಂದಕೋಡ್:
ಬುಟ್ಟಿ ತೆರೆದವರ ಮೇಲೆ. ಕರೆದವರು ಅವರೇ ತಾನೇ.

ಲೆಕ್ಕದಪುಸ್ತಕ:
ಕೇಳದೆ ಅವರ ಕಾರ್ಡಿಗೆ ಜಾಸ್ತಿ ಹಾಕಿದರೆ ಮರುದಿನವೇ ದೂರು ಬರುತ್ತದೆ. ನಾನು ಮಾಡುವುದು ಹೀಗೆ: ಎಲ್ಲರದ್ದೂ ಮೊದಲು ಬರೀ ಹಿಡಿದಿಡುತ್ತೇನೆ, ಕೊನೆಯವರದ್ದೂ ಆದ ಮೇಲೆ ಒಟ್ಟಿಗೆ ತೆಗೆದುಕೊಳ್ಳುತ್ತೇನೆ. ನಡುವೆ ಒಬ್ಬರು ಬಿಟ್ಟರೆ ಎಲ್ಲರ ಹಿಡಿತವನ್ನೂ ಬಿಟ್ಟು, ಬುಟ್ಟಿ ಮತ್ತೆ ತೆರೆದು, ಹೊಸ ಪಾಲು ತೋರಿಸುತ್ತೇನೆ. ಒಪ್ಪಿದವರು ಮತ್ತೆ ಕಟ್ಟುತ್ತಾರೆ. ಆದರೆ ಹಿಡಿದಿಡುವ ವ್ಯವಸ್ಥೆ ಎಲ್ಲ ಪೇಮೆಂಟ್ ವಿಧಾನಗಳಲ್ಲೂ ಇರುವುದಿಲ್ಲ. ಇಲ್ಲದ ಕಡೆ ರೀಫಂಡ್ ಒಂದೇ ದಾರಿ.

ಅರೆಬೆಂದಕೋಡ್:
ಚಿಲ್ಲರೆ 13ಕ್ಕೆ ಇಬ್ಬರನ್ನು ಮತ್ತೆ ಕಾರ್ಡ್ ತೆಗೆಯಿಸುವುದಾ? ಅಷ್ಟರಲ್ಲಿ ಎಲ್ಲರೂ ಎದ್ದು ಹೋಗಿರುತ್ತಾರೆ. ಕಂಪನಿಯೇ ನುಂಗಿಕೊಳ್ಳಲಿ.

ಲೆಕ್ಕದಪುಸ್ತಕ:
ನುಂಗುವುದು ನಿಮ್ಮ ಕಂಪನಿಯಾದರೆ ಧಾರಾಳವಾಗಿ ನುಂಗಲಿ.

ಬುಟ್ಟಿಗಾರ:
ಅದನ್ನು ಮೇಲಿನವರನ್ನೇ ಕೇಳಬೇಕು. ಸದ್ಯಕ್ಕೆ ಪಾಲು ಬರೆದಿಡುವ ಬದಲಾವಣೆ ಹಾಕಿದ್ದೇನೆ. ಹಳೆಯದರಲ್ಲಿ ಸಿಕ್ಕಿಬಿದ್ದಿದ್ದು ಇನ್ನೂ 11 ಇವೆ, ಒಂದೊಂದಾಗಿ ಕೈಯಿಂದಲೇ ಬಿಡಿಸುತ್ತಿದ್ದೇನೆ. ಜಾಸ್ತಿ ವಸೂಲಾದ ಪಟ್ಟಿ ತೆಗೆಯಲು ಇನ್ನೂ ಧೈರ್ಯ ಬಂದಿಲ್ಲ.

ಸುಮ್ನೆಬಂದೆ:
ಹಿಡಿದಿಡುವುದು ಅಂದಿರಲ್ಲ, ನನ್ನ ದುಡ್ಡೂ ಅದೇ ಆಗಿರಬೇಕು. ಇವತ್ತಿಗೆ ನಾಲ್ಕು ದಿನ. ಯಾರನ್ನು ಕೇಳಲಿ, ಬ್ಯಾಂಕಿನವರನ್ನಾ, ಆಪ್‌ನವರನ್ನಾ?

ತಂತಿಜಾಲ:
ಕ್ಯೂ ಚಿತ್ರ ಕೇಳಿ ಇಬ್ಬರು ಮೆಸೇಜ್ ಮಾಡಿದ್ದಾರೆ. ಸಂಜೆ ಹಾಕುತ್ತೇನೆ.